ಎಷ್ಟು ಮನೆ ಜರುಗಿಸಿದಾರೆ ಅಂತ ಗೊತ್ತಿಲ್ದಿದ್ರೂ ಬಿಡಿಸೋದು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಗುಪ್ತ ಸಂದೇಶ ತಗೊಂಡು ಬಂದಿದೀನಿ, ಅದನ್ನ ನೀವೂ ನಾನೂ ಸೇರಿ ಬಿಡಿಸೋಣ, ಅದಕ್ಕೆ ಒಂದು ಪೆನ್ನು ಪೇಪರ್ ಹತ್ರ ಇಟ್ಕೊಳಿ. ಮೊದಲು ಇಂಗ್ಲಿಷ್ ಅಕ್ಷರಮಾಲೆನ A ಇಂದ Z ತನಕ ಒಂದು ಸಾಲಲ್ಲಿ ಬರ್ಕೊಂಬಿಡಿ, ಆಮೇಲೆ ಬೇಕಾಗುತ್ತೆ.

ರೋಮಿನ ಜೂಲಿಯಸ್ ಸೀಸರ್ ಗುಟ್ಟಿನ ಕಾಗದ ಬರೆಯೋವಾಗ ಪ್ರತಿ ಅಕ್ಷರನೂ ಮೂರು ಮನೆ ಮುಂದಕ್ಕೆ ಜರುಗಿಸ್ತಿದ್ದ, ಅಂದ್ರೆ A ಬದಲು D, B ಬದಲು E, ಹೀಗೆ. ಇದನ್ನ ಬರೆದಿಟ್ಟವನು ಸೂಟೋನಿಯಸ್ ಅನ್ನೋ ರೋಮನ್ ಲೇಖಕ, ಸೀಸರ್ ನಂತರ ಬಂದ ಅಗಸ್ಟಸ್ ಒಂದೇ ಮನೆ ಜರುಗಿಸ್ತಿದ್ದ ಅಂತಾನೂ ಅವನೇ ಹೇಳ್ತಾನೆ. ಇದೆಲ್ಲ ಹಳೇ ಕಾಲದ ಕತೆ ಅಂದ್ಕೋಬೇಡಿ, 2006ರಲ್ಲಿ ಇಟಲಿಯ ಸಿಸಿಲಿಯಲ್ಲಿ ಬರ್ನಾರ್ಡೊ ಪ್ರೊವೆಂಜಾನೊ ಅನ್ನೋ ಮಾಫಿಯಾ ನಾಯಕ ಸಿಕ್ಕಿಬಿದ್ದ, ಅವನ ಚೀಟಿಗಳಲ್ಲೂ ಇದೇ ಉಪಾಯ, A ಅಂದ್ರೆ 4, B ಅಂದ್ರೆ 5.

ಎಷ್ಟು ಮನೆ ಅಂತ ಗೊತ್ತಿದ್ರೆ ಕೆಲಸ ಸುಲಭ, ಅಷ್ಟೇ ಮನೆ ಹಿಂದಕ್ಕೆ ಬಂದ್ರೆ ಮುಗೀತು. ಗೊತ್ತಿಲ್ಲ ಅಂದ್ರೆ? ಇರೋದು 26 ಅಕ್ಷರ, ಜರುಗಿಸೋಕೆ ಸಾಧ್ಯ ಇರೋದು 25 ರೀತಿ ಮಾತ್ರ, ಅಷ್ಟನ್ನೂ ಕೂತು ನೋಡ್ಬಿಡಬಹುದು. ಆದ್ರೆ ಅಷ್ಟೆಲ್ಲ ಬರೆಯದೇನೇ ನೇರ ಉತ್ತರಕ್ಕೆ ಹೋಗೋ ದಾರಿ ಒಂದಿದೆ, ಇವತ್ತು ನಾನು ತೋರಿಸ್ಬೇಕು ಅಂತಿರೋದು ಅದನ್ನೇ.

ಸಂದೇಶ ನಿಧಾನಕ್ಕೆ ಓದ್ತೀನಿ, ಬರ್ಕೊಳಿ, ಐದು ಪದ ಇದೆ:

```
YLLWP DLYUP XLCLOL VPWLRP MLYYT
```

ಇದು ಕನ್ನಡದ ಮಾತು, ನಾವು ಫೋನಲ್ಲಿ ಟೈಪ್ ಮಾಡ್ತೀವಲ್ಲ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಆಮೇಲೆ ಜರುಗಿಸಿದ್ದು. ಎಷ್ಟು ಮನೆ ಅಂತ ಹೇಳಲ್ಲ.

ಮೊದಲು ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಒಟ್ಟು 27 ಅಕ್ಷರ, ಅದರಲ್ಲಿ L ಒಂದೇ 8 ಸಲ ಬಂದಿದೆ, ಆಮೇಲೆ P ನಾಲ್ಕು, Y ನಾಲ್ಕು, ಮಿಕ್ಕಿದ್ದೆಲ್ಲ ಒಂದೋ ಎರಡೋ. ಜರುಗಿಸಿದಾಗ ಅಕ್ಷರ ಬದಲಾಗುತ್ತೆ, ಎಣಿಕೆ ಬದಲಾಗಲ್ಲ, ಮೂಲದಲ್ಲಿ 8 ಸಲ ಇದ್ದ ಅಕ್ಷರ ಹೊಸ ವೇಷದಲ್ಲೂ 8 ಸಲಾನೇ ಇರುತ್ತೆ. ಈ ಎಣಿಸೋ ವಿದ್ಯೆನ ಬರೆದು ವಿವರಿಸಿದವನು 9ನೇ ಶತಮಾನದ ಅರಬ್ ವಿದ್ವಾಂಸ ಅಲ್-ಕಿಂದಿ.

ಇಂಗ್ಲಿಷಲ್ಲಿ ಅತಿ ಹೆಚ್ಚು ಬರೋ ಅಕ್ಷರ E, ಅದಕ್ಕೇ ಎಲ್ಲಾ ಕಡೆ "ಜಾಸ್ತಿ ಬಂದಿರೋದನ್ನ E ಅಂತ ಹಿಡೀರಿ" ಅಂತ ಹೇಳ್ಕೊಡ್ತಾರೆ. ಹಾಗೇ ಮಾಡಿ ನೋಡೋಣ. L ಅಂದ್ರೆ E ಆಗಿದ್ರೆ ಏಳು ಮನೆ ಜರುಗಿದೆ ಅಂತಾಯ್ತು, ಎಲ್ಲಾನೂ ಏಳು ಮನೆ ಹಿಂದಕ್ಕೆ ತಂದ್ರೆ ಸಿಗೋದು ಇದು:

```
REEPI WERNI QEVEHE OIPEKI FERRM
```

ನೋಡಿ, ಇದನ್ನ ಬಾಯಲ್ಲಿ ಹೇಳಬಹುದು! ರೀಪಿ, ವೆರ್ನಿ, ಯಾವುದೋ ಭಾಷೆ ಥರಾನೇ ಕೇಳ್ಸುತ್ತೆ, ಇಲ್ಲೇ ಎಷ್ಟೋ ಜನ ಸಿಕ್ಕಾಕ್ಕೊಳೋದು, ಅರ್ಥ ಆಗ್ತಿಲ್ಲ ಅಂದ್ರೆ ಇನ್ನೊಂದು ಭಾಷೆ ಇರ್ಬೇಕು ಅಂತ ಹುಡುಕ್ತಾ ಹೋಗ್ತಾರೆ. ಹೀಗೆ ಕೇಳ್ಸೋಕೆ ಕಾರಣ ಇದೆ. A ಇಂದ E ಗೆ ನಾಲ್ಕು ಮನೆ, E ಇಂದ I ಗೂ ನಾಲ್ಕೇ ಮನೆ, ಹಾಗಾಗಿ ನಮ್ಮ ಲೆಕ್ಕ ಸರಿಯಾಗಿ ನಾಲ್ಕು ಮನೆ ತಪ್ಪಿದ್ರೆ ಸ್ವರಗಳ ಜಾಗದಲ್ಲಿ ಬೇರೆ ಸ್ವರಗಳೇ ಬಂದು ಕೂತ್ಕೊಳುತ್ವೆ. ತಪ್ಪು ಅಂತ ಹೇಗೆ ಗೊತ್ತಾಗುತ್ತೆ? ಒಂದು, ಮೂರನೇ ಪದ Q ಇಂದ ಶುರು ಆಗಿದೆ, ಕನ್ನಡ ಟೈಪ್ ಮಾಡೋವಾಗ ಯಾರಿಗೆ Q ಬೇಕಾಗುತ್ತೆ ಹೇಳಿ. ಇನ್ನೊಂದು, ಕೊನೇ ಪದ M ನಲ್ಲಿ ನಿಂತಿದೆ.

ಈಗ ಕನ್ನಡದ ಸ್ವಭಾವಕ್ಕೆ ಬರೋಣ. ಮರದ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ, MARADA, ಆರಕ್ಷರದಲ್ಲಿ ಮೂರು A. ನಮ್ಮಲ್ಲಿ ವ್ಯಂಜನದ ಒಳಗೇ ಅಕಾರ ಇರುತ್ತೆ, ಇಂಗ್ಲಿಷಲ್ಲಿ ಬರೆದಾಗ ಅದೆಲ್ಲ A ಆಗಿ ಹೊರಗೆ ಬರುತ್ತೆ, ಅದಕ್ಕೇ ಕನ್ನಡದ ಸಂದೇಶದಲ್ಲಿ ಜಾಸ್ತಿ ಬಂದಿರೋದನ್ನ E ಅಲ್ಲ, A ಅಂತ ಹಿಡೀಬೇಕು. L ಅಂದ್ರೆ A ಆದ್ರೆ 11 ಮನೆ. ಮೊದಲ್ನೇ ಪದ ಹಿಂದಕ್ಕೆ ತನ್ನಿ, Y ಇಂದ 11 ಮನೆ ಹಿಂದೆ N, ಎರಡು L ಎರಡು A ಆಗುತ್ತೆ, W ಇಂದ L, P ಇಂದ E. NAALE, ನಾಳೆ! ಮಿಕ್ಕಿದ್ದನ್ನೂ ಬಿಡಿಸಿ:

```
NAALE SANJE MARADA KELAGE BANNI
```

ನಾಳೆ ಸಂಜೆ ಮರದ ಕೆಳಗೆ ಬನ್ನಿ.

ಎಣಿಸದೇ ಇದ್ರೂ ಇದನ್ನ ಹಿಡೀಬಹುದಿತ್ತು, ನನಗೆ ತುಂಬಾ ಇಷ್ಟ ಆಗೋ ದಾರಿ ಅದು. ಕನ್ನಡದ ಪದಗಳು ಹೆಚ್ಚಿನಂಶ ಸ್ವರದಲ್ಲೇ ಮುಗಿಯುತ್ವೆ. ಬಸ್ಸು ಕಾರು ಅನ್ನೋ ಪರಭಾಷೆ ಪದಕ್ಕೂ ನಾವು ಒಂದು ಉಕಾರ ಸೇರಿಸ್ತೀವಿ. ಹಾಗಾಗಿ ಐದೂ ಪದದ ಕೊನೇ ಅಕ್ಷರ ಮಾತ್ರ ನೋಡಿ: P, P, L, P, T. ಬೇರೆ ಬೇರೆ ಅಕ್ಷರ ಅಂದ್ರೆ L, P, T ಮೂರೇ. L ಇಂದ P ಗೆ ನಾಲ್ಕು ಮನೆ, P ಇಂದ T ಗೆ ನಾಲ್ಕು ಮನೆ. ಐದು ಸ್ವರಗಳಲ್ಲಿ ನಾಲ್ಕು, ಮತ್ತೆ ನಾಲ್ಕು ಅಂತ ಅಂತರ ಇರೋದು A, E, I ಈ ಮೂರಕ್ಕೆ ಮಾತ್ರ, I ಇಂದ O ಗೆ ಆರು, O ಇಂದ U ಗೂ ಆರು. ಅಂದ್ಮೇಲೆ L ಅಂದ್ರೆ A ನೇ, ಒಂದೂ ಪದ ಬಿಡಿಸದೇನೇ 11 ಅಂತ ಗೊತ್ತಾಗೋಯ್ತು. ಆದ್ರೆ ಪದಗಳ ಮಧ್ಯೆ ಜಾಗ ಬಿಡದೆ ಎಲ್ಲಾ ಒಟ್ಟಿಗೆ ಬರೆದಿದ್ರೆ ಈ ದಾರಿ ಮುಚ್ಚೋಗುತ್ತೆ, ಆಗ ಎಣಿಕೇನೇ ಗತಿ.

ಸಂದೇಶ ತೀರಾ ಚಿಕ್ಕದಾದ್ರೆ ಎಣಿಕೆನೂ ಕೈ ಕೊಡುತ್ತೆ, 25 ರೀತಿ ಬರೆದು ನೋಡೋದೂ ಕೈ ಕೊಡುತ್ತೆ. BSFOB ಅನ್ನೋ ಇಂಗ್ಲಿಷ್ ಸಂದೇಶ ಸಿಕ್ತು ಅನ್ಕೊಳಿ. ಒಂದು ಮನೆ ಹಿಂದಕ್ಕೆ ತಂದ್ರೆ ARENA, ಹತ್ತು ಮನೆ ತಂದ್ರೆ RIVER, ಎರಡೂ ಸರಿಯಾದ ಪದಾನೇ! ಕಳಿಸಿದವರು ಅಖಾಡದ ಹತ್ರ ಬಾ ಅಂದ್ರೋ ನದಿ ಹತ್ರ ಬಾ ಅಂದ್ರೋ ಆ ಐದಕ್ಷರದಿಂದ ಹೇಳೋಕೆ ಆಗಲ್ಲ, ಇನ್ನೊಂದು ಪದ ಬೇಕೇ ಬೇಕು.

ಇನ್ನು 25 ರೀತೀಲೂ ಏನೂ ಬರ್ಲಿಲ್ಲ ಅಂದ್ರೆ? ಬರ್ಕೊಳೋವಾಗ ಒಂದಕ್ಷರ ತಪ್ಪಾಗಿದ್ರೆ ಆ ಒಂದಕ್ಷರ ಮಾತ್ರ ಕೆಡುತ್ತೆ, ಸುತ್ತಲಿನ ಪದ ಓದೋಕೆ ಬರುತ್ತೆ, ಹಾಗಾಗಿ ತಪ್ಪನ್ನ ಅಲ್ಲಿ ಹುಡುಕಬೇಡಿ, ಎಣಿಕೆ ಪಟ್ಟಿನ ಮತ್ತೆ ನೋಡಿ. ಒಂದೆರಡು ಅಕ್ಷರ ಎದ್ದು ಕಾಣ್ತಿವೆ ಆದ್ರೆ ಅಂತರ ಕೂಡಿ ಬರ್ತಿಲ್ಲ ಅಂದ್ರೆ ಅಕ್ಷರಮಾಲೆನೇ ಕಲಸಿಬಿಟ್ಟಿದಾರೆ, ಜರುಗಿಸಿದ್ದಲ್ಲ. ಸಂದೇಶ ಉದ್ದ ಇದ್ದೂ ಎಲ್ಲಾ ಅಕ್ಷರ ಹೆಚ್ಚುಕಮ್ಮಿ ಒಂದೇ ಸಮ ಬಂದಿದ್ರೆ, ಪ್ರಾಯಶಃ ಮೊದಲಕ್ಷರಕ್ಕೆ ಒಂದು ಅಂಕಿ, ಎರಡನೇದಕ್ಕೆ ಇನ್ನೊಂದು, ಮೂರನೇದಕ್ಕೆ ಮತ್ತೊಂದು ಅಂತ ಸರದಿ ಮೇಲೆ ಜರುಗಿಸಿದಾರೆ. ಆಗ ಪ್ರತಿ ಮೂರನೇ ಅಕ್ಷರ ಆರಿಸಿ ಬೇರೆ ಸಾಲು ಮಾಡ್ಕೊಳಿ. ಆ ಸಾಲನ್ನ ಓದೋಕೆ ಆಗಲ್ಲ, ಅಲ್ಲಿ ಪದಾನೇ ಇರಲ್ಲ, ಆದ್ರೆ ಒಳಗಿನ ಅಕ್ಷರ ಎಲ್ಲಾ ಒಂದೇ ಲೆಕ್ಕದಲ್ಲಿ ಜರುಗಿರುತ್ವೆ, ಈಗ L ನ ಎಣಿಸಿದ ಹಾಗೇ ಅಲ್ಲೂ ಎಣಿಸಿ A ಎಲ್ಲಿ ಕೂತಿದೆ ಅಂತ ಹುಡುಕಬಹುದು.