ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಭಾಷಣ ಮಾಡಿ ಅಂತ ನನ್ನನ್ನು ಕರೆದಿದ್ದಾರೆ. ನನಗೆ ಭಾಷಣಕ್ಕಿಂತ ಕಾಗದ ಬರೆಯುವುದೇ ಸಲೀಸು. ಹಾಗಾಗಿ ವಯಸ್ಸಾದ ಮೇಲೆ ಯೋಗದ ಕ್ಲಾಸಿಗೆ ಸೇರಿಕೊಂಡವರಿಗೆ ಒಂದು ಕಾಗದ ಬರೆದು ತಂದಿದ್ದೇನೆ. ಅದನ್ನೇ ಓದುತ್ತೇನೆ.

ಪ್ರೀತಿಯ ಹೊಸ ವಿದ್ಯಾರ್ಥಿಗಳೇ,

ನೀವು ಕ್ಲಾಸಿಗೆ ಬಂದು ಎರಡು ದಿನ ಆಗಿರುವುದಿಲ್ಲ, ಆಗಲೇ ಕೇಳುತ್ತೀರಿ: "ಮೇಡಂ, ಕಪಾಲಭಾತಿ ಯಾವಾಗ ಶುರು?" ಆಸನ ಬೇಡ, ಸುಮ್ನೆ ಕೂತು ಉಸಿರು ನೋಡುವುದು ಬೇಡ, ಮೊದಲು ಹೊಟ್ಟೆ ಕರಗಬೇಕು. ಸರಿ, ಉಸಿರನ್ನು ಮತ್ತೆ ಮತ್ತೆ ಜೋರಾಗಿ ಹೊರಗೆ ಬಿಡುವ ಆ ಕಪಾಲಭಾತಿಯನ್ನು ಹೇಳಿಕೊಡುತ್ತೇನೆ. ಆದರೆ ಒಂದು ಮಾತು ನಡೆಸಿಕೊಡಬೇಕು. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. "ಇನ್ನು ಐದೇ ಇದೆ, ಮುಗಿಸಿಬಿಡ್ತೀನಿ" ಅನ್ನುವ ಹಾಗಿಲ್ಲ.

ತಲೆ ಯಾಕೆ ಸುತ್ತುತ್ತದೆ? "ಆಮ್ಲಜನಕ ಜಾಸ್ತಿ ಆಯ್ತು" ಅಂತ ಕೆಲವರು, "ವಿಷ ಹೊರಗೆ ಹೋಗ್ತಿದೆ" ಅಂತ ಕೆಲವರು. ಎರಡೂ ಅಲ್ಲ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಎಷ್ಟು ಜೋರಾಗಿ ಎಳೆದುಕೊಂಡರೂ ಅಲ್ಲಿ ಜಾಗ ಇಲ್ಲ. ಜೋರು ಉಸಿರಿನಲ್ಲಿ ಆಗುವುದು ಬೇರೆ. ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಅದು ಬರೀ ಕಸ ಅಂದುಕೊಳ್ಳಬೇಡಿ. ರಕ್ತದಲ್ಲಿ ಅದು ಒಂದು ಮಟ್ಟದಲ್ಲಿ ಇರಲೇಬೇಕು. ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಬಿಗಿಯಾಗುತ್ತವೆ, ಅಲ್ಲಿಗೆ ಹೋಗುವ ರಕ್ತ ಇಳಿಯುತ್ತದೆ. ಆಗ ತಲೆ ಹಗುರ ಆದ ಹಾಗೆ, ಕಣ್ಣು ಮಂಜಾದ ಹಾಗೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಇದು ಸಿದ್ಧಿ ಅಲ್ಲ ಸ್ವಾಮಿ, ಮಿದುಳಿಗೆ ರಕ್ತ ಸಾಲುತ್ತಿಲ್ಲ ಅಂತ.

ನಮ್ಮ ಕ್ಲಾಸಿನಲ್ಲೇ ನಡೆದದ್ದು ಹೇಳುತ್ತೇನೆ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಸೇರಿಕೊಂಡರು. ಬಹಳ ಶಿಸ್ತಿನ ಮನುಷ್ಯ, ಎಲ್ಲದಕ್ಕೂ ಲೆಕ್ಕ ಬರೆದಿಡುವವರು. ನಾನು ಕೊಟ್ಟಿದ್ದು 20 ಸಲ. ಅವರು ಮನೆಯಲ್ಲಿ ಫೋನಿನಲ್ಲಿ ಯಾರನ್ನೋ ನೋಡಿಕೊಂಡು 100ಕ್ಕೆ ಹೋಗಿದ್ದರು. ಒಂದು ದಿನ ಬೆಳಿಗ್ಗೆ ನಾನಿನ್ನೂ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದೆ. ಇವರು ಮುಂದಿನ ಸಾಲಿನಲ್ಲಿ ಕೂತು ತಾವೇ ಶುರು ಮಾಡಿದ್ದರು. ಭುಜ ಮೇಲೆ ಕೆಳಗೆ ಕುಣಿಯುತ್ತಿದೆ. ಮುಖ ಗಂಟಿಕ್ಕಿದೆ. ಒಳಗೆ ಎಳೆಯುವ ಉಸಿರೂ ಬಾಗಿಲವರೆಗೆ ಕೇಳಿಸುತ್ತಿದೆ. ನಾನು ಹತ್ತಿರ ಹೋಗುವಷ್ಟರಲ್ಲಿ ಮುಖ ಬಿಳಚಿಕೊಂಡು, ಕೈಬೆರಳೆಲ್ಲ ಒಟ್ಟಾಗಿ ಮಣಿಕಟ್ಟು ಒಳಕ್ಕೆ ಸೆಟೆದುಕೊಂಡಿತ್ತು. ಬಿಡಿಸಲು ಹೋದರೆ ಬರುತ್ತಿಲ್ಲ. ಅದನ್ನು ನೋಡಿ ಅವರು ಇನ್ನಷ್ಟು ಗಾಬರಿಯಾಗಿ ಇನ್ನೂ ಜೋರಾಗಿ ಏದುಸಿರು ಬಿಡತೊಡಗಿದರು.

ಆಮೇಲೆ ನಮ್ಮವರ ಉಪಚಾರ ಕೇಳಬೇಕು! ಒಬ್ಬರು ಫಿಟ್ಸ್ ಅಂತ ಬೀಗದ ಕೈ ಗೊಂಚಲು ಹಿಡಿದು ಓಡಿ ಬಂದರು. ಇನ್ನೊಬ್ಬರು ಪೇಪರ್ ಕವರ್ ಮೂಗಿಗೆ ಹಿಡೀರಿ ಅಂದರು. ಮತ್ತೊಬ್ಬರು "ಉಸಿರು ಎಳ್ಕೊಳ್ಳಿ ಸಾರ್, ಜೋರಾಗಿ ಎಳ್ಕೊಳ್ಳಿ" ಅಂತ ಕೂಗುತ್ತಿದ್ದಾರೆ. ಜೋರಾಗಿ ಎಳೆದುಕೊಂಡೇ ತಾನೇ ಈ ಗತಿ ಬಂದದ್ದು? ಪೇಪರ್ ಕವರ್ ಹಳೇ ಉಪಾಯ, ಆದರೆ ಮಾಡಬೇಡಿ. ಅದು ಉಸಿರಾಟದ ಎಡವಟ್ಟಲ್ಲದೆ ಹೃದಯದ ತೊಂದರೆಯೋ ಆಸ್ತಮಾವೋ ಆಗಿದ್ದರೆ ಜೀವಕ್ಕೇ ಅಪಾಯ.

ನಾನು ಮಾಡಿದ್ದು ಇಷ್ಟೇ. ಎಲ್ಲರನ್ನೂ ದೂರ ಕಳಿಸಿ ಅವರನ್ನು ಮಗ್ಗುಲಾಗಿ ಮಲಗಿಸಿದೆ. ಬಾಯಿ ಮುಚ್ಚಿ ಮೂಗಿನಲ್ಲೇ ಸಣ್ಣಗೆ ಉಸಿರಾಡಲು ಹೇಳಿದೆ. ಎದೆ ನೋವಿದೆಯಾ, ಬಿಪಿ ಇದೆಯಾ ಅಂತ ಕೇಳಿದೆ. ಎರಡೂ ಇಲ್ಲ ಅಂದರು. ಆಮೇಲೆ ಮಾತಿಗೆಳೆದೆ. ಮೊಮ್ಮಗಳು ಯಾವ ಕ್ಲಾಸು, ಸ್ಕೂಲಿಗೆ ಯಾರು ಬಿಡುತ್ತಾರೆ ಅಂತ. ಸುಮ್ನೆ ಹರಟೆ ಅಲ್ಲ ಅದು. ಮಾತಾಡಬೇಕಾದರೆ ಉಸಿರು ತಾನಾಗಿ ನಿಧಾನ ಆಗಲೇಬೇಕು. ಕೆಲವೇ ನಿಮಿಷದಲ್ಲಿ ಬೆರಳು ಬಿಡಿಸಿಕೊಂಡಿತು. ಎದ್ದು ಕೂತು ಅವರು ಕೇಳಿದ ಮೊದಲ ಪ್ರಶ್ನೆ: "ಮೇಡಂ, 80 ಆಗಿತ್ತು, ಉಳಿದ 20 ಈಗ ಮಾಡಲಾ?"

ಅವರ ತಪ್ಪು ಬರೀ ಲೆಕ್ಕದಲ್ಲಿ ಇರಲಿಲ್ಲ. ಕಪಾಲಭಾತಿಯಲ್ಲಿ ಜೋರು ಇರುವುದು ಹೊರಗೆ ಬಿಡುವ ಉಸಿರಿಗೆ ಮಾತ್ರ. ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಚಕ್ಕನೆ ಒಳಗೆ ಎಳೆದರೆ ಮೂಗಿನಿಂದ ಗಾಳಿ ಹೋಗುತ್ತದೆ. ಹೊಟ್ಟೆ ಸಡಿಲ ಬಿಟ್ಟರೆ ಗಾಳಿ ತಾನಾಗಿ ಒಳಗೆ ಬರುತ್ತದೆ. ಅದನ್ನು ಎಳೆಯಬಾರದು. ಎಳೆದರೆ ಪ್ರತಿ ಸಲವೂ ಬಹಳ ಗಾಳಿ ಓಡಾಡುತ್ತದೆ, ಹೆಸರಿಗೆ ಕಪಾಲಭಾತಿ, ಆಗುವುದು ಭಸ್ತ್ರಿಕಾ ಅನ್ನುವ ಬೇರೆಯೇ ಪ್ರಾಣಾಯಾಮ. ಒಂದು ಕೈ ಹೊಟ್ಟೆ ಮೇಲೆ, ಒಂದು ಕೈ ಎದೆ ಮೇಲೆ ಇಟ್ಟುಕೊಳ್ಳಿ. ಹೊಟ್ಟೆ ಮೇಲಿನ ಕೈ ಮಾತ್ರ ಅಲುಗಬೇಕು. ಒಳಗೆ ಬರುವ ಉಸಿರು ಪಕ್ಕದವರಿಗೆ ಕೇಳಿಸಬಾರದು. ಭುಜ ಕುಣಿಯುತ್ತಿದ್ದರೆ ನಿಲ್ಲಿಸಿ.

ನಾನು ಹೇಳಿಕೊಡುವ ಲೆಕ್ಕ ಹೀಗಿದೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು. ನೆಲದ ಮೇಲೋ ಕುರ್ಚಿಯ ಮೇಲೋ ಕೂತೇ ಮಾಡಬೇಕು, ನಿಂತುಕೊಂಡು ಬೇಡ. ಸೆಕೆಂಡಿಗೆ ಒಂದರಂತೆ 20 ಸಲ. ಆಮೇಲೆ ಒಂದು ನಿಮಿಷ ಮಾಮೂಲಿ ಉಸಿರು. ಹೀಗೆ ಎರಡು ಸುತ್ತು, ಅಷ್ಟೇ. ಒಂದು ವಾರ ಏನೂ ತೊಂದರೆ ಆಗದಿದ್ದರೆ 30. ಮುಂದಿನ ವಾರ 40. ಸುತ್ತಿಗೆ 60 ಮುಟ್ಟಿದ ಮೇಲೆ ಸಾಕು. ನಡುವಿನ ಆ ಒಂದು ನಿಮಿಷವನ್ನು ನುಂಗಬೇಡಿ, ಕಳೆದ ಕಾರ್ಬನ್ ಡೈಆಕ್ಸೈಡ್ ಮತ್ತೆ ಸೇರಿಕೊಳ್ಳುವುದು ಆಗಲೇ. 25ಕ್ಕೆ ತಲೆ ಸುತ್ತಿತು ಅನ್ನಿ. ಆ ದಿನಕ್ಕೆ ಮುಗಿಯಿತು. ನಾಳೆ 15. ನಮ್ಮ ಬ್ಯಾಂಕಿನವರೂ ಹೀಗೇ 15ರಿಂದ ಮತ್ತೆ ಶುರು ಮಾಡಿದರು, ಮುಖ ಸ್ವಲ್ಪ ಊದಿಸಿಕೊಂಡೇ.

ಹಠಯೋಗ ಪ್ರದೀಪಿಕೆ ಅನ್ನುವ ಹಳೇ ಯೋಗಗ್ರಂಥದ 2ನೇ ಅಧ್ಯಾಯದಲ್ಲೂ ಇದೇ ಇದೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ. ಮೆಲ್ಲಗೆ ಅಂತ ನಾನೊಬ್ಬಳೇ ಹೇಳುತ್ತಿಲ್ಲ, ಅಲ್ವಾ?

ಭಸ್ತ್ರಿಕಾದಲ್ಲಿ ಒಳಗೂ ಜೋರು, ಹೊರಗೂ ಜೋರು. ಅದನ್ನು ಕಪಾಲಭಾತಿ ಸರಿಯಾಗಿ ಕೂತ ಮೇಲೆ 10 ಉಸಿರಿನಿಂದ ನಿಧಾನವಾಗಿ ಶುರು ಮಾಡೋಣ. ಅದರ ಬಗ್ಗೆ ಇನ್ನೂ ಹೇಳುವುದಿತ್ತು, ಆದರೆ ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ.

ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಬಿಪಿ, ಹೃದಯದ ಕಾಯಿಲೆ, ಹರ್ನಿಯಾ, ಫಿಟ್ಸ್, ಗ್ಲಾಕೋಮಾ ಇರುವವರು, ಬಸುರಿಯರು, ಇತ್ತೀಚೆಗೆ ಹೊಟ್ಟೆ ಆಪರೇಷನ್ ಆದವರು ಈ ಜೋರು ಉಸಿರಿನ ತಂಟೆಗೇ ಬರಬೇಡಿ. ನಿಮಗೆ ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುವ ನಾಡಿಶೋಧನ ಇದೆ, ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಇದೆ. ಅವನ್ನೂ ಉಸಿರು ಬಿಗಿಹಿಡಿಯದೆ ಮಾಡಿ. ಈಜುವ ಮೊದಲು, ನೀರಿನಲ್ಲಿ ನಿಂತು, ಗಾಡಿ ಓಡಿಸುತ್ತಾ ಜೋರು ಉಸಿರಿನ ಅಭ್ಯಾಸವನ್ನು ಯಾರೂ ಮಾಡಬಾರದು. ತಲೆ ಸುತ್ತಿದವರು ಪೂರ್ತಿ ಸರಿಹೋಗುವ ತನಕ ಸ್ಕೂಟರ್ ಹತ್ತಬೇಡಿ. ಕೆಲವು ನಿಮಿಷದಲ್ಲಿ ಸರಿಹೋಗದಿದ್ದರೆ, ಎದೆ ನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಯೋಗದ ಮೇಡಂ ನೋಡುವ ವಿಷಯ ಅಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. 20 ಸಲ ಮಾಡೋಣ.

ಇಂತಿ,
ನಿಮ್ಮ ಯೋಗದ ಮೇಡಂ