ಹೆಣ್ಣು ಮರಿ ಮಾರಬೇಡಿ

ನಮಸ್ಕಾರ. ಬಾಗಲಕೋಟೆ ಸುತ್ತಲಿನ ಕಾಲೇಜುಗಳ ಹುಡುಗ ಹುಡುಗಿಯರ ಜೊತೆ ಇವತ್ತು ಸ್ವಲ್ಪ ದುಡ್ಡಿನ ಮಾತು. ಆದರೆ ಶುರು ಮಾಡೋದು ಕುರಿಯಿಂದ.

ನಮ್ಮ ದೊಡ್ಡಪ್ಪ ಕುರಿ ಸಾಕುತ್ತಿದ್ದ. ಅಮೀನಗಡದ ಕುರಿ ಸಂತೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಮಾರಲು ಒಯ್ಯುತ್ತಿದ್ದದ್ದು ಟಗರು ಮರಿಗಳನ್ನು ಮಾತ್ರ. ಹೆಣ್ಣು ಮರಿಗೆ ಯಾರು ಎಷ್ಟೇ ಬೆಲೆ ಹೇಳಲಿ, ಕೊಡುತ್ತಿರಲಿಲ್ಲ. "ಇವತ್ತು ಇದನ್ನ ಮಾರಿದ್ರ ಇದರ ಮರೀನೂ ಮಾರಿದಂಗ, ಆ ಮರಿಯ ಮರೀನೂ ಮಾರಿದಂಗ" ಅನ್ನುತ್ತಿದ್ದ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಬಿ.ಕಾಂ. ಓದುವಾಗ ಚಕ್ರಬಡ್ಡಿಯ ಸೂತ್ರ ಬಾಯಿಪಾಠ ಮಾಡಿದೆ. ಅದರ ಅರ್ಥ ಮಾತ್ರ ದೊಡ್ಡಪ್ಪನ ಮಾತು ನೆನಪಾದಾಗಲೇ ಆದದ್ದು.

ಒಂದು ಲೆಕ್ಕ ಮಾಡೋಣ. ಒಬ್ಬಳು ಅಕ್ಕ. ಅವಳಿಗೆ 20 ವರ್ಷ. ಟ್ಯೂಷನ್ ಹೇಳಿಕೊಟ್ಟು ಬಂದ ಹಣದಲ್ಲಿ ತಿಂಗಳಿಗೆ 500 ರೂಪಾಯಿ ತೆಗೆದಿಡುತ್ತಾಳೆ. ವರ್ಷಕ್ಕೆ 6,000. ಕೇಳುವವರಿಗೆ ಸುಲಭವಾಗಲಿ ಅಂತ ಆ 6,000ವನ್ನು ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿದಳು ಅಂದುಕೊಳ್ಳಿ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಬೆಳೆಯುತ್ತದೆ ಅಂತಲೂ ಹಿಡಿಯೋಣ. ಆ ಹತ್ತು ಎಲ್ಲಿಂದ ಬಂತು ಅನ್ನೋದನ್ನು ಆಮೇಲೆ ನೋಡೋಣ.

ಮೊದಲ ವರ್ಷ ಬಡ್ಡಿ ಇಲ್ಲ. ಎರಡನೇ ವರ್ಷ 600. ಮೂರನೇ ವರ್ಷ 1,260. ಇಲ್ಲಿ ಸ್ವಲ್ಪ ನಿಲ್ಲಿ. ಮೊದಲ ಆರು ಸಾವಿರಕ್ಕೆ 600, ಎರಡನೇ ಆರು ಸಾವಿರಕ್ಕೆ 600, ಸರಿ. ಉಳಿದ 60 ರೂಪಾಯಿ ಎಲ್ಲಿಂದ ಬಂತು? ಹಿಂದಿನ ವರ್ಷದ 600 ರೂಪಾಯಿ ಬಡ್ಡಿ ಮರಿ ಹಾಕಿತು. ಆ 60 ರೂಪಾಯಿಯೇ ಮರಿಯ ಮರಿ. ನೋಡೋಕೆ ಏನೇನೂ ಅಲ್ಲ, ಎರಡು ಪ್ಲೇಟ್ ಮಿರ್ಚಿ ಭಜಿಯ ದುಡ್ಡು. ಅದಕ್ಕೇ ಜನ ಈ ಹಂತದಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ.

ಎಂಟನೇ ವರ್ಷದವರೆಗೂ ಅಕ್ಕ ಕಟ್ಟುವ ಹಣವೇ ಬಡ್ಡಿಗಿಂತ ಜಾಸ್ತಿ. ಒಂಬತ್ತನೇ ವರ್ಷ ಲೆಕ್ಕ ತಿರುಗುತ್ತದೆ. ಆ ವರ್ಷ ಅವಳು ಕಟ್ಟಿದ್ದು 6,000, ಬಡ್ಡಿ ಬಂದದ್ದು 6,800ರ ಮೇಲೆ. ಹತ್ತು ವರ್ಷ ಮುಗಿದಾಗ ಕಟ್ಟಿದ್ದು 60,000, ಕೈಯಲ್ಲಿರುವುದು ಸುಮಾರು 95,600.

ಆಗ ಅವಳಿಗೆ ಮದುವೆ, ಮಗು, ಮನೆ ಖರ್ಚು. ಕಂತು ನಿಲ್ಲಿಸಿದಳು. ಆದರೆ ಕಟ್ಟಿದ ಹಣ ಮುಟ್ಟಲಿಲ್ಲ. ಅವಳ ತಮ್ಮನೂ ಇದ್ದಾನೆ. ಅವನು ಶುರು ಮಾಡಿದ್ದೇ ತನ್ನ 30ನೇ ವಯಸ್ಸಿಗೆ. ಅದೇ 500 ರೂಪಾಯಿ, ಒಂದು ತಿಂಗಳೂ ತಪ್ಪಿಸದೆ 20 ವರ್ಷ. ಕಟ್ಟಿದ್ದು 1,20,000, ಅಂದರೆ ಅಕ್ಕನಿಗಿಂತ ಎರಡು ಪಟ್ಟು. ತಮಗೆ 50 ತುಂಬಿದಾಗ ಅವರವರ ಪಾಸ್‌ಬುಕ್ ತೆಗೆದು ನೋಡಿದರೆ, ತಮ್ಮನದು 3,44,000ದ ಹತ್ತಿರ, ಅಕ್ಕನದು 6,43,000.

ಇಲ್ಲಿ ನನಗೆ ಮುಖ್ಯ ಅನಿಸುವ ಸಂಗತಿ ಬೇರೆ. ಅಕ್ಕನ ಖಾತೆಯಲ್ಲಿ ಕೊನೆಯ ಒಂದೇ ವರ್ಷದಲ್ಲಿ ಸೇರಿದ ಹಣ ಎಷ್ಟು ಗೊತ್ತಾ? 58,000ದ ಮೇಲೆ. ಹತ್ತು ವರ್ಷ ಟ್ಯೂಷನ್ ಹೇಳಿ ಕಟ್ಟಿದ ಒಟ್ಟು ಹಣ ಹೆಚ್ಚುಕಡಿಮೆ ಅಷ್ಟೇ ಅಲ್ವಾ? "ಈ ವರ್ಷ ಬಿಡು, ಮುಂದಿನ ವರ್ಷ ನೋಡೋಣ" ಅಂದಾಗ ನಾವು ಕಳೆದುಕೊಳ್ಳುವುದು ಎರಡನೇ ವರ್ಷದ ಆರುನೂರು ಅಂತ ಅನ್ನಿಸುತ್ತದೆ. ನಿಜವಾಗಿ ಉದುರಿಹೋಗುವುದು ತುದಿಯ ವರ್ಷ, ಆ ದಪ್ಪ ವರ್ಷ.

ಈಗ ಆ ಹತ್ತರ ಮಾತಿಗೆ ಬರೋಣ. ಬೇಗ ಶುರು ಮಾಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಅದೇ ಅಕ್ಕ ತಮ್ಮನ ಲೆಕ್ಕವನ್ನು ನೂರಕ್ಕೆ ಏಳರಂತೆ ಮಾಡಿ ನೋಡಿದೆ. ಅಕ್ಕನಿಗೆ 3,21,000, ತಮ್ಮನಿಗೆ 2,46,000. ಅಕ್ಕನೇ ಮುಂದೆ, ಆದರೆ ಅಂತರ ಇಳಿಯಿತು. ಐದರಂತೆ ಮಾಡಿದರೆ ಇಬ್ಬರದೂ ಎರಡು ಲಕ್ಷದ ಆಸುಪಾಸು, ಸಮಸಮ. ಮೂರಕ್ಕೆ ಇಳಿಸಿದರೆ ತಮ್ಮನೇ ಗೆದ್ದ, ಅವನು ಹೆಚ್ಚು ಕಟ್ಟಿದ್ದಾನಲ್ಲ. ಅಂದರೆ ದುಡ್ಡನ್ನು ಸುಮ್ನೆ ಉಳಿತಾಯ ಖಾತೆಯಲ್ಲಿ ಬಿಟ್ಟರೆ ನಿಮ್ಮ ಆ ಹತ್ತು ವರ್ಷ ಮೊದಲಿನ ಆರಂಭ ಕೆಲಸಕ್ಕೆ ಬರುವುದಿಲ್ಲ. ಮೇವಿಲ್ಲದ ಹಟ್ಟಿಯಲ್ಲಿ ಕುರಿ ಕಟ್ಟಿದ ಹಾಗೆ.

ಅಂಚೆ ಕಚೇರಿಯ ಆರ್.ಡಿ. ಇದೆ, ತಿಂಗಳು ತಿಂಗಳು ಕಂತು ಕಟ್ಟುವ ಖಾತೆ, ಐದು ವರ್ಷದ್ದು. ಪಿ.ಪಿ.ಎಫ್. ಅನ್ನುವ ಸರ್ಕಾರಿ ಉಳಿತಾಯ ಯೋಜನೆ ಇದೆ, ಹದಿನೈದು ವರ್ಷದ್ದು, ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ಇವುಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಏಳರ ಹತ್ತಿರವೇ ಇದೆ. ಹತ್ತು ಅನ್ನೋದು ಷೇರು ಪೇಟೆಗೆ ಹಣ ಹಾಕುವ ಮ್ಯೂಚುವಲ್ ಫಂಡಿನಿಂದ ಜನ ನಿರೀಕ್ಷೆ ಮಾಡುವ ಅಂಕಿ, ಯಾರೂ ಬರೆದುಕೊಟ್ಟದ್ದಲ್ಲ. ಅಲ್ಲಿ ಪ್ರತಿ ವರ್ಷ ಹತ್ತು ಬರುವುದಿಲ್ಲ. 2008ರ ಜನವರಿಯಲ್ಲಿ ಮುಂಬೈ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತ್ತು, ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಬಿತ್ತು. ಆಗ ಹೆದರಿ ಹಣ ತೆಗೆದವರು ಬರಗಾಲದಲ್ಲಿ ಹಿಂಡು ಮಾರಿದ ಹಾಗೆ ಮಾಡಿದರು. ಹತ್ತು ವರ್ಷದೊಳಗೆ ಬೇಕಾಗುವ ಫೀಸಿನ ದುಡ್ಡು, ಮದುವೆಯ ದುಡ್ಡು ಅಲ್ಲಿ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ.

ಮ್ಯೂಚುವಲ್ ಫಂಡ್ ಅಂದ ಮೇಲೆ ಒಂದು ಮಾತು. ಒಂದೇ ಫಂಡಿಗೆ ಎರಡು ಬಾಗಿಲು ಇರುತ್ತವೆ. ಒಂದು ರೆಗ್ಯುಲರ್, ಇನ್ನೊಂದು ಡೈರೆಕ್ಟ್. 2013ರಿಂದ ಈ ಡೈರೆಕ್ಟ್ ಬಾಗಿಲು ತೆರೆದಿದೆ. ರೆಗ್ಯುಲರಿನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ. ಅದನ್ನು ನಿಮ್ಮಿಂದ ಬೇರೆ ರಸೀದಿ ಹರಿದು ಕೇಳುವುದಿಲ್ಲ, ದಿನದಿನವೂ ಯೂನಿಟ್ಟಿನ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಅದರಿಂದ ನೂರಕ್ಕೆ ಹತ್ತರ ಬದಲು ಒಂಬತ್ತು ಸಿಕ್ಕಿತು ಅಂದುಕೊಳ್ಳಿ. "ಒಂದು ತಾನೇ" ಅನ್ನಬೇಡಿ. ಅಕ್ಕನ 6,43,000 ಇಳಿದು 5,11,000 ಆಗುತ್ತದೆ. ಹೋದದ್ದು 1,32,000, ಅವಳು ಜನ್ಮದಲ್ಲಿ ಕಟ್ಟಿದ್ದರ ಎರಡು ಪಟ್ಟಿಗಿಂತ ಜಾಸ್ತಿ. ಏಜೆಂಟರು ಬೇಡವೇ ಬೇಡ ಅಂತಲ್ಲ. ಪೇಟೆ ಬಿದ್ದಾಗ ಕೈ ಹಿಡಿದು ಕೂರಿಸುವವರಿದ್ದರೆ ಅದಕ್ಕೂ ಬೆಲೆ ಇದೆ. ಎಷ್ಟು ಕೊಡುತ್ತಿದ್ದೇನೆ ಅಂತ ತಿಳಿದು ಕೊಡಿ, ಅಷ್ಟೇ.

ಇನ್ನು 30 ವರ್ಷದ ನಂತರದ 6,43,000 ಇವತ್ತಿನ 6,43,000 ಅಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಅದು ಇವತ್ತಿನ ಒಂದೂವರೆ ಲಕ್ಷದ ಸಮ. ಅದಕ್ಕೇ ಸಂಬಳ ಶುರುವಾದ ಮೇಲೂ 500ರಲ್ಲೇ ನಿಲ್ಲಬಾರದು.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ಮೊದಲ ನೌಕರಿಯಲ್ಲಿ ತಿಂಗಳಿಗೆ 200ರ ಆರ್.ಡಿ. ಮಾಡಿದ್ದೆ. ಮೂರು ವರ್ಷಕ್ಕೆ ಮುರಿದು ಕಲರ್ ಟಿ.ವಿ. ತಂದೆ. ಓಣಿಯವರೆಲ್ಲ ಕ್ರಿಕೆಟ್ ನೋಡಲು ಬಂದರು, ಖುಷಿಯಾಯಿತು. ದೊಡ್ಡಪ್ಪನೂ ಬಂದು ಕೂತು ನೋಡಿದ. ಎದ್ದು ಹೋಗುವಾಗ ಕೇಳಿದ್ದು ಒಂದೇ: "ಎಷ್ಟು ಹೆಣ್ಣು ಮರಿ ಆಯ್ತೋ ಇದಕ್ಕ?"

ಕೊನೆಗೆ ಒಂದು ಸಣ್ಣ ಸೂಚನೆ. ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ತಾರೀಖನ್ನು ನೀವೇ ಆರಿಸಬಹುದು. ಮನೆಯಿಂದ ಹಣ ಬರುವುದು ಐದಕ್ಕಾದರೆ ಏಳನೇ ತಾರೀಖು ಇಡಿ, ಇಪ್ಪತ್ತೆಂಟು ಇಡಬೇಡಿ. ಅಷ್ಟೊತ್ತಿಗೆ ಖಾತೆ ಖಾಲಿಯಾಗಿ ಕಂತು ಬೌನ್ಸ್ ಆದರೆ ಬ್ಯಾಂಕು ನೂರಾರು ರೂಪಾಯಿ ದಂಡ ಹಾಕಬಹುದು. ಎರಡು ಸಲ ಹಾಗಾದರೆ ಎರಡನೇ ವರ್ಷದ ಆ 600 ರೂಪಾಯಿ ಹೋದ ಹಾಗೇ. ನಮಸ್ಕಾರ.