ಗಾಡಿ ವಾಲುತ್ತದೆ, ಆದರೆ ಯಾವತ್ತು?

ನಮಸ್ಕಾರ. ಮಂಡ್ಯದ ಕಡೆ ಯಾರಾದರೂ ಕಥೆ ಹೇಳುವುದನ್ನು ಕೇಳಿ. "ನಿನ್ನೆ ಸಂತೆಗೆ ಹೋಗಿದ್ನಾ, ತಿರುಗಿ ನೋಡ್ತೀನಿ, ಗಾಡೀನೇ ಇಲ್ಲ!" ನಡೆದದ್ದು ನಿನ್ನೆ, ಕ್ರಿಯಾಪದ ಇವತ್ತಿನದು. ಕೇಳುವವರಿಗೆ ಗೊಂದಲವೇ ಆಗುವುದಿಲ್ಲ. ಅದೇ ಕಥೆ ಕಾಗದಕ್ಕೆ ಬಂದರೆ ಓದುವವರು ಎಡವುತ್ತಾರೆ.

ಕಾರಣ ನಮ್ಮ ವರ್ತಮಾನ ರೂಪದಲ್ಲೇ ಇದೆ. 'ಬರುತ್ತಾರೆ' ಅಂದರೆ ದಿನಾ ಬರುತ್ತಾರೆ ಅಂತಲೂ ಆಯಿತು, ನಾಳೆ ಬರುತ್ತಾರೆ ಅಂತಲೂ ಆಯಿತು. "ಚಿಕ್ಕಪ್ಪ ನಾಲೆ ಏರಿ ಮೇಲೆ ಗಾಡಿ ಹೊಡೆಯುತ್ತಾರೆ" ಅಂತ ಕಥೆ ಶುರು ಮಾಡಿದರೆ ಅದು ಅವರ ಕಸುಬು ಅನ್ನಿಸುತ್ತದೆ, ಒಂದು ದಿನದ ಘಟನೆ ಅನ್ನಿಸುವುದಿಲ್ಲ.

ಈಗ ಇದನ್ನು ಕೇಳಿ:

"ಆವತ್ತು ಚಿಕ್ಕಪ್ಪ ಕಬ್ಬು ತುಂಬಿಕೊಂಡು ಆಲೆಮನೆಗೆ ಹೊರಟಿದ್ದರು. ನಾಲೆ ಏರಿ ಮೇಲೆ ಎದುರಿಗೆ ಲಾರಿ ಬಂತು. ಎಡಗಡೆ ಎತ್ತು ಬೆದರಿತು. ನೋಡುತ್ತಾರೆ, ಚಕ್ರ ಏರಿಯ ಅಂಚಿಗೆ ಬಂದಿದೆ. ಗಾಡಿ ವಾಲುತ್ತದೆ. ಚಿಕ್ಕಪ್ಪ ಕೆಳಗೆ ಹಾರಿ ನೊಗ ಹಿಡಿಯುತ್ತಾರೆ. ಊರಿನವರು ಬಂದು ಎತ್ತು ಬಿಡಿಸುವ ಹೊತ್ತಿಗೆ ಕತ್ತಲಾಗಿತ್ತು."

'ಹೊರಟಿದ್ದರು, ಬಂತು, ಬೆದರಿತು' ದಿನವನ್ನೂ ಜಾಗವನ್ನೂ ಗಟ್ಟಿ ಮಾಡಿದವು. 'ನೋಡುತ್ತಾರೆ' ಅನ್ನುವುದು ಬಾಗಿಲು. ಬಾಯಿಮಾತಿನ 'ನೋಡ್ತೀನಿ' ಮಾಡುವ ಕೆಲಸವೂ ಇದೇ. ಅಲ್ಲಿಂದ ನಾವು ಚಿಕ್ಕಪ್ಪನ ಕಣ್ಣಿನ ಹಿಂದೆ ಇರುತ್ತೇವೆ. ಕಾಲ ಜಿಗಿದ ಕೂಡಲೇ 'ಕತ್ತಲಾಗಿತ್ತು' ಅಂತ ಭೂತಕ್ಕೆ ವಾಪಸ್. ವರ್ತಮಾನಕ್ಕೆ ಸಿಕ್ಕಿದ್ದು ಮೂರೇ ವಾಕ್ಯ. ನನ್ನ ಪ್ರಕಾರ ಅಷ್ಟು ಸಾಕು. ಇಡೀ ಕಥೆಯನ್ನು ಹೀಗೇ ಬರೆದರೆ ಸಿನಿಮಾ ಚಿತ್ರಕಥೆ ಓದಿದ ಹಾಗಿರುತ್ತದೆ.

ಆ ಮೂರು ವಾಕ್ಯಗಳ ಒಳಗೆ ಚಿಕ್ಕಪ್ಪನಿಗೆ ಕಾಣದ್ದು ನಮಗೂ ಕಾಣಬಾರದು. "ಈ ಎತ್ತು ಇನ್ನು ಮುಂದೆ ಗಾಡಿ ಎಳೆಯಲಾರದು ಅಂತ ಅವರಿಗೆ ಗೊತ್ತಿಲ್ಲ" ಅಂತ ಸೇರಿಸಿದಿರೋ, ಮುಂದಿನದನ್ನೆಲ್ಲ ತಿಳಿದ ಇನ್ನೊಬ್ಬರು ಬಂದು ಕೂತ ಹಾಗೆ. ಆ ಮಾತು ಬೇಕೇ ಬೇಕಾದರೆ ಭೂತಕ್ಕೆ ಮರಳಿದ ಮೇಲೆ ಹೇಳಿ.

ಜಾಸ್ತಿ ಜನ ಸಿಕ್ಕಿಬೀಳುವುದು ನಿಷೇಧದಲ್ಲಿ. 'ಎತ್ತು ಬಿತ್ತು, ಏಳಲಿಲ್ಲ' ಸರಿಯಾಗಿದೆ. ಇದನ್ನು ವರ್ತಮಾನಕ್ಕೆ ತಿರುಗಿಸಿ 'ಎತ್ತು ಬೀಳುತ್ತದೆ, ಏಳುವುದಿಲ್ಲ' ಅಂದರೆ? ಇನ್ನು ಏಳುವುದೇ ಇಲ್ಲ ಅನ್ನುವ ಅರ್ಥ ನುಸುಳುತ್ತದೆ, ಎತ್ತು ಸತ್ತೇ ಹೋಯಿತೇನೋ ಅನ್ನುವ ಹಾಗೆ! ಅಲ್ಲಿ 'ಏಳುತ್ತಿಲ್ಲ' ಅನ್ನಿ, ಆ ಕ್ಷಣಕ್ಕೆ ಮಾತ್ರ ನಿಲ್ಲುತ್ತದೆ. ಹಾಗಂತ 'ಬೀಳುತ್ತದೆ'ಯನ್ನೂ 'ಬೀಳುತ್ತಿದೆ' ಮಾಡಬೇಡಿ. ಎತ್ತು ನಿಧಾನಕ್ಕೆ ಬೀಳುತ್ತಲೇ ಇರುತ್ತದೆ.